ಹತ್ತೊಂಬತ್ತು ವರ್ಷ ನೌಕರರಾಗಿದ್ದವರು ಇನ್ನು ಸಲಹೆಗಾರರು: ಕರಾರು ಪತ್ರವನ್ನು ಹೇಗೆ ಬರೆಯಬೇಕು?

ಕರೂರು ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳನ್ನು ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆಯಲ್ಲಿ ಲೆಕ್ಕಪತ್ರ ಮತ್ತು ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಒಟ್ಟು 26 ಜನರಿದ್ದಾರೆ. ಯಂತ್ರಗಳ ನಕ್ಷೆ ಬರೆಯುತ್ತಿದ್ದ ನಮ್ಮ ಡಿಸೈನರ್ 19 ವರ್ಷಗಳ ಸೇವೆಯ ನಂತರ ಹೋದ ತಿಂಗಳು ರಾಜೀನಾಮೆ ಕೊಟ್ಟಿದ್ದಾರೆ. ಜಗಳೂರಿನ ಕಡೆ ಅವರಿಗೆ ಜಮೀನಿದೆ, ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ. ಆದರೆ ಮೂರು ಹೊಸ ಮಾದರಿಗಳ ನಕ್ಷೆಯನ್ನು ಅವರೇ ಬರೆದುಕೊಡಬೇಕೆಂಬುದು ನಮ್ಮ ಯಜಮಾನರ ಆಸೆ, ಸಲಹೆಗಾರರಾಗಿ ಮಾಡಿಕೊಡಲು ಅವರೂ ಒಪ್ಪಿದ್ದಾರೆ.

ಪತ್ರ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ನಮ್ಮ ಹಳೆಯ ನೇಮಕಾತಿ ಆದೇಶವನ್ನೇ ತೆಗೆದುಕೊಂಡು, "ನೌಕರ" ಎಂದಿದ್ದ ಕಡೆಯಲ್ಲೆಲ್ಲ "ಸ್ವತಂತ್ರ ಸಲಹೆಗಾರ" ಎಂದು ತಿದ್ದಿದ್ದೇನೆ. ಮುಖ್ಯವಾದ ಸಾಲುಗಳು ಹೀಗಿವೆ:

> ತಮ್ಮನ್ನು ಸ್ವತಂತ್ರ ಸಲಹೆಗಾರರೆಂದು ನೇಮಿಸಲಾಗಿದೆ. ತಾವು ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಕಾರ್ಯನಿರ್ವಹಿಸತಕ್ಕದ್ದು. ತಿಂಗಳಿಗೆ 45,000 ರೂಪಾಯಿ ಸಲಹಾ ಶುಲ್ಕವನ್ನು ನೀಡಲಾಗುವುದು. ವರ್ಷಕ್ಕೆ 12 ಸಾಂದರ್ಭಿಕ ರಜೆಗಳಿರುತ್ತವೆ. ಆಡಳಿತವು ಕಾಲಕಾಲಕ್ಕೆ ವಹಿಸುವ ಇತರ ಕೆಲಸಗಳನ್ನೂ ತಾವು ಮಾಡತಕ್ಕದ್ದು. ಅನ್ಯ ಸಂಸ್ಥೆಗಳಿಗೆ ಕೆಲಸ ಮಾಡುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ವೇತನ ನೀಡಿ ಸೇವೆಯನ್ನು ಕೊನೆಗೊಳಿಸಬಹುದು.

ಇದು ಸಾಕೇ? ನಾಳೆ ಪಿ.ಎಫ್. ಕಚೇರಿಯವರು ಬಂದು ಕೇಳಿದರೆ ಈ ಪತ್ರ ನಿಲ್ಲುತ್ತದೆಯೇ?

ಹಳೇಪೇಟೆ ತೆರಿಗೆ ಸಲಹೆಗಾರ

ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಸಂಬಳದ ಪಟ್ಟಿಯಿಂದ ಅವರ ಹೆಸರು ತೆಗೆಯಿರಿ, ಪ್ರತಿ ತಿಂಗಳು ಅವರಿಂದ ಬಿಲ್ಲು ತೆಗೆದುಕೊಳ್ಳಿ, ನಾವು ಇಂದಿಗೂ 194ಜೆ ಎಂದೇ ಕರೆಯುವ ವೃತ್ತಿಪರ ಶುಲ್ಕದ ಲೆಕ್ಕದಲ್ಲಿ ಶೇಕಡಾ 10ರಷ್ಟು ಟಿಡಿಎಸ್ ಕಡಿದು ಕಟ್ಟಿರಿ. ಸಂಬಳವಾಗಿದ್ದರೆ ಆ ಲೆಕ್ಕದಲ್ಲಿ ತೆರಿಗೆ ಕಡಿಯಲು ಬರುವುದೇ ಇಲ್ಲ. ಹೀಗಾಗಿ ಸರ್ಕಾರದ ದಾಖಲೆಯಲ್ಲೇ ಅವರು ಸಲಹೆಗಾರರೆಂದು ನಮೂದಾಗುತ್ತದೆ, ಅಲ್ಲಿಗೆ ಪಿ.ಎಫ್. ಪ್ರಶ್ನೆಯೂ ಮುಗಿಯಿತು. ನಾನು ಹತ್ತಾರು ಕಡೆ ಹೀಗೆಯೇ ಮಾಡಿಸಿದ್ದೇನೆ, ಯಾರೂ ಕೇಳಿಲ್ಲ.

ಹರಿಹರದ ಗುತ್ತಿಗೆದಾರ

ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಳ್ಳುವುದಾದರೆ ಕಾರ್ಮಿಕ ಇಲಾಖೆಯ ಲೈಸೆನ್ಸ್ ಮೊದಲು ಮಾಡಿಸಿಕೊಳ್ಳಿ ಸರ್. ಲೈಸೆನ್ಸ್ ಇಲ್ಲದೆ ಜನ ಕಳಿಸಿದ್ದಕ್ಕೆ ನನಗೆ ನೋಟಿಸ್ ಬಂದಿತ್ತು. ಕೂಲಿ ಪಾವತಿ ರಿಜಿಸ್ಟರ್ ಅನ್ನೂ ಇಟ್ಟಿರಬೇಕು. ನಿಮ್ಮ ಡಿಸೈನರ್ ಎಷ್ಟು ಜನರನ್ನು ಕರೆತರುತ್ತಾರೆ?

ಕರೂರು ಲೆಕ್ಕಿಗ

ಅವರು ಯಾರನ್ನೂ ಕರೆತರುವುದಿಲ್ಲ ಸರ್, ಅವರೊಬ್ಬರೇ. ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆಯಲ್ಲ ಇದು, ನಕ್ಷೆ ಬರೆದುಕೊಡುವ ಕೆಲಸ. ಶೀರ್ಷಿಕೆಯಲ್ಲಿ ನಾನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು.

ಕೋರ್ಟ್ ರಸ್ತೆಯ ವಕೀಲೆ

ತೆರಿಗೆ ಸಲಹೆಗಾರರ ಮಾತಿನಲ್ಲಿ ಅರ್ಧ ಸರಿಯಿದೆ. ಸಲಹೆಗಾರರಿಗೆ ಕೊಡುವ ಶುಲ್ಕದ ಮೇಲೆ ವೃತ್ತಿಪರ ಶುಲ್ಕದ ಟಿಡಿಎಸ್ ಕಡಿಯಬೇಕೆಂಬುದು ನಿಜ. ಆದರೆ ಟಿಡಿಎಸ್ ಕಡಿದ ಮಾತ್ರಕ್ಕೆ ನೌಕರ ಸಲಹೆಗಾರನಾಗುವುದಿಲ್ಲ. ತೆರಿಗೆಯನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕೆಂದು ತೀರ್ಮಾನಿಸಿದವರು ನೀವೇ ಆಗಿರುವುದರಿಂದ, ಅದನ್ನೇ ನಿಮ್ಮ ಪರವಾದ ಸಾಕ್ಷಿಯೆಂದು ಮುಂದಿಟ್ಟರೆ ಅದಕ್ಕೆ ಹೆಚ್ಚಿನ ತೂಕ ಸಿಗುವುದಿಲ್ಲ. "ಯಾರೂ ಕೇಳಿಲ್ಲ" ಎಂಬುದಂತೂ ವಾದವೇ ಅಲ್ಲ. ಸಾಮಾನ್ಯವಾಗಿ ಕೇಳುವವರು ಇಲಾಖೆಯವರಲ್ಲ, ಸಂಬಂಧ ಕೆಟ್ಟ ದಿನ ಆ ಸಲಹೆಗಾರರೇ ಕೇಳುತ್ತಾರೆ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1973ರ ಒಂದು ತೀರ್ಪನ್ನು ನಾನು ಕಕ್ಷಿದಾರರಿಗೆಲ್ಲ ಹೇಳುತ್ತಿರುತ್ತೇನೆ. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಎಂಬ ಅಂಗಡಿಯ ದರ್ಜಿಗಳಿಗೆ ಹೊಲಿದಷ್ಟಕ್ಕೆ ಮಾತ್ರ ದುಡ್ಡು ಸಿಗುತ್ತಿತ್ತು. ದಿನವೂ ಬರಲೇಬೇಕೆಂಬ ಕಟ್ಟಳೆ ಇರಲಿಲ್ಲ, ಕೆಲಸ ಮುಗಿದರೆ ಹೊರಟುಬಿಡಬಹುದಿತ್ತು, ಬೇರೆ ಅಂಗಡಿಗೂ ಹೊಲಿದುಕೊಡಬಹುದಿತ್ತು. ಇಷ್ಟೆಲ್ಲ ಸ್ವಾತಂತ್ರ್ಯವಿದ್ದರೂ ಅವರು ನೌಕರರೇ ಎಂದು ತೀರ್ಪಾಯಿತು. ಹೊಲಿಗೆ ಯಂತ್ರಗಳು ಅಂಗಡಿಯವು, ಹೊಲಿಗೆ ಹೇಳಿದಂತೆ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿಸುವ ಅಧಿಕಾರ ಮಾಲೀಕನದು, ಕೆಲಸ ನಡೆಯುತ್ತಿದ್ದುದು ಬಹುಪಾಲು ಅಂಗಡಿಯಲ್ಲೇ. ಅಂಥ ದರ್ಜಿಗಳೇ ನೌಕರರಾದರೆಂದ ಮೇಲೆ, 9.30ರಿಂದ 6ರವರೆಗೆ ಕೂರಿಸಿ, ರಜೆ ಲೆಕ್ಕ ಹಾಕಿ, ತಿಂಗಳ ದುಡ್ಡು ಕೊಡುವ ನಿಮ್ಮ ಡಿಸೈನರ್ ಯಾರೆಂದು ನೀವೇ ಹೇಳಿ.

ಪತ್ರದ ಒಕ್ಕಣೆಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಆಸ್ಪತ್ರೆಯೊಂದರ ಗೌರವ ನೇತ್ರ ಶಸ್ತ್ರಚಿಕಿತ್ಸಕರ ಪ್ರಕರಣದಲ್ಲಿ 2020ರಲ್ಲಿ ಅದೇ ನ್ಯಾಯಾಲಯವು ಕರಾರಿನ ಷರತ್ತುಗಳನ್ನು ಒಂದೊಂದಾಗಿ ಓದಿ, ಇದು ನೌಕರಿಯಲ್ಲ, ಸ್ವತಂತ್ರ ಸೇವೆಯ ಒಪ್ಪಂದ ಎಂಬ ನಿರ್ಣಯಕ್ಕೆ ಬಂತು. ಅಂದರೆ ಪತ್ರವನ್ನು ಓದುತ್ತಾರೆ, ಆದರೆ ಹಣೆಪಟ್ಟಿಯನ್ನಲ್ಲ, ಒಳಗಿನ ಷರತ್ತುಗಳನ್ನು. ನಿಮ್ಮ ಕರಡಿನಲ್ಲಿ "ಸ್ವತಂತ್ರ ಸಲಹೆಗಾರ" ಎಂಬ ಎರಡು ಪದಗಳನ್ನು ಬಿಟ್ಟರೆ ಉಳಿದದ್ದೆಲ್ಲವೂ ನೌಕರನ ಪತ್ರ. ಕೆಲಸದ ವೇಳೆ, ಸಾಂದರ್ಭಿಕ ರಜೆ, "ಇತರ ಕೆಲಸಗಳನ್ನೂ ಮಾಡತಕ್ಕದ್ದು", ಅನ್ಯರಿಗೆ ಕೆಲಸ ಮಾಡಬಾರದೆಂಬ ನಿರ್ಬಂಧ, "ವೇತನ" ಎಂಬ ಮಾತು: ಇವುಗಳಲ್ಲಿ ಒಂದೊಂದೇ ಇದ್ದಿದ್ದರೆ ಹೇಗೋ ವಾದಿಸಬಹುದಿತ್ತು, ಐದೂ ಒಟ್ಟಿಗೆ ಬಂದಾಗ ವಾದಿಸಲು ಏನೂ ಉಳಿಯುವುದಿಲ್ಲ.

ಪತ್ರಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ. ಅವರ 19 ವರ್ಷಗಳ ಗ್ರಾಚ್ಯುಟಿ ಕೊಟ್ಟಾಗಿದೆಯೇ?

ಕರೂರು ಲೆಕ್ಕಿಗ

ಇಲ್ಲ ಮೇಡಂ. "ಅವರೇನು ಬಿಟ್ಟು ಹೋಗುತ್ತಿಲ್ಲವಲ್ಲ, ಪೂರ್ತಿ ನಿಂತಾಗ ಒಟ್ಟಿಗೆ ಕೊಡೋಣ" ಎಂದು ಯಜಮಾನರು ಹೇಳಿದ್ದಾರೆ.

ಕೋರ್ಟ್ ರಸ್ತೆಯ ವಕೀಲೆ

ಯಜಮಾನರ ಆ ಒಂದು ಮಾತನ್ನು ಎದುರು ಪಕ್ಷದ ವಕೀಲರು ಕೇಳಿಸಿಕೊಂಡರೆ ಸಾಕು, ನಿಮ್ಮ ಪತ್ರವನ್ನು ಅವರು ತೆರೆದೂ ನೋಡುವುದಿಲ್ಲ. "ಬಿಟ್ಟು ಹೋಗುತ್ತಿಲ್ಲ" ಎಂದರೆ ಸೇವೆ ಮುಂದುವರಿದಿದೆ ಎಂದೇ ಅರ್ಥ.

ಹಳೆಯ ನೌಕರಿ ಮುಗಿದಿದೆ ಎಂಬುದಕ್ಕೆ ಹೊಸ ಕರಾರಿಗಿಂತ ಬಲವಾದ ದಾಖಲೆ ಹಳೆಯ ಲೆಕ್ಕದ ಚುಕ್ತಾ. ಗ್ರಾಚ್ಯುಟಿ ಲೆಕ್ಕಕ್ಕೆ ಹಿಡಿಯುವ ಅವರ ವೇತನ ತಿಂಗಳಿಗೆ 26,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷವೊಂದಕ್ಕೆ 15,000, ಹತ್ತೊಂಬತ್ತು ವರ್ಷಕ್ಕೆ 2,85,000 ರೂಪಾಯಿ. ಈ ಮೊತ್ತವನ್ನು ನೌಕರಿ ಮುಗಿದ 30 ದಿನಗಳೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ರಾಜೀನಾಮೆಯನ್ನು ಅಂಗೀಕರಿಸಿದ ಪತ್ರ, ಗ್ರಾಚ್ಯುಟಿ ಮತ್ತು ಬಾಕಿ ರಜೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟ ದಾಖಲೆ, ಪಿ.ಎಫ್. ಖಾತೆಯಲ್ಲಿ ಸೇವೆ ಮುಗಿದ ದಿನಾಂಕದ ನಮೂದು: ಈ ಮೂರೂ ಆದ ನಂತರದ ದಿನಾಂಕವನ್ನು ಹೊಸ ಪತ್ರಕ್ಕೆ ಹಾಕಿ. ಮಾರನೆಯ ದಿನವೇ ಅದೇ ಕುರ್ಚಿಯಲ್ಲಿ ಬಂದು ಕೂತರೆ ಇವೆಲ್ಲವೂ ನಾಟಕದಂತೆ ಕಾಣುತ್ತವೆ ಎಂಬುದನ್ನೂ ಯಜಮಾನರಿಗೆ ತಿಳಿಸಿ.

ದುರ್ಗದ ಬಾಯ್ಲರ್ ಸಲಹೆಗಾರ

ನಾನು ಎದುರು ಬದಿಯವನು, ಅಂದರೆ ಸಲಹೆಗಾರ. ಚಿತ್ರದುರ್ಗದಲ್ಲಿ ವಾಸ, ಚಳ್ಳಕೆರೆ ಕಡೆಯ ಎಣ್ಣೆ ಗಿರಣಿಗಳಿಗೆ ಬಾಯ್ಲರ್ ಮತ್ತು ಹಬೆ ಕೊಳವೆಗಳ ವಿನ್ಯಾಸ ಮಾಡಿಕೊಡುತ್ತೇನೆ. ನೀವೆಲ್ಲ ನೌಕರನೋ ಸಲಹೆಗಾರನೋ ಎಂಬ ಚರ್ಚೆಯಲ್ಲಿದ್ದೀರಿ, ನನ್ನನ್ನು ಸುಟ್ಟದ್ದು ಬೇರೆಯೇ ಒಂದು ಸಾಲು. ಎರಡು ವರ್ಷಗಳ ಹಿಂದೆ ಒಂದು ಗಿರಣಿಯವರು ಕೊಟ್ಟ ಪತ್ರದಲ್ಲಿ "ಕೆಲಸವು ಸಂಪೂರ್ಣ ತೃಪ್ತಿಕರವಾದ ನಂತರ ಅಂತಿಮ ಕಂತು" ಎಂದಿತ್ತು. ಓದಿಯೇ ಸಹಿ ಹಾಕಿದೆ, ತಪ್ಪು ನನ್ನದೇ.

ಕೊಳವೆಗಳ ನಕ್ಷೆ ಕೊಟ್ಟೆ, ಫಿಟ್ಟರ್‌ಗಳು ಅದರಂತೆಯೇ ಜೋಡಿಸಿದರು, ಹಬೆ ಹರಿಯಿತು, ಗಿರಣಿ ಹಂಗಾಮು ಪೂರ್ತಿ ಓಡಿತು. ಆಮೇಲೆ ಬಿಲ್ಲು ಕೊಡಲು ಹೋದಾಗ, ಹಬೆ ಕಟ್ಟೆ ಪಕ್ಕದ ಗೋಡೆಗೆ ತೇವ ಬರುತ್ತಿದೆ, ಅದು ಸರಿಯಾಗದ ಹೊರತು ತೃಪ್ತಿ ಇಲ್ಲ ಎಂದರು. ಗೋಡೆ ಕಟ್ಟಿಸಿದವನು ನಾನಲ್ಲ. ಮೂರು ಸಲ ಹೋಗಿ ಬಂದೆ, ಹೋದಾಗಲೆಲ್ಲ ಒಂದೊಂದು ಹೊಸ ಅತೃಪ್ತಿ. 40,000 ರೂಪಾಯಿ ಇಂದಿಗೂ ಬಂದಿಲ್ಲ. ತೃಪ್ತಿಯನ್ನು ಅಳೆಯುವ ಮಾಪಕ ಯಾವ ಬಾಯ್ಲರಿಗೂ ಇಲ್ಲ.

ಕೋರ್ಟ್ ರಸ್ತೆಯ ವಕೀಲೆ

ದುರ್ಗದವರ ಅನುಭವವೂ ಇದೇ ಪ್ರಶ್ನೆಯ ಇನ್ನೊಂದು ಮುಖ. ನೌಕರನಿಂದ ಕೊಳ್ಳುವುದು ಅವನ ಸಮಯವನ್ನು, ಹಾಗಾಗಿ ಅಲ್ಲಿ "ವಹಿಸಿದ ಕೆಲಸ" ಎಂದರೆ ಸಾಕು. ಸಲಹೆಗಾರನಿಂದ ಕೊಳ್ಳುವುದು ಒಂದು ಫಲಿತಾಂಶವನ್ನು. ಫಲಿತಾಂಶ ಏನೆಂದು ಬರೆಯದಿದ್ದಾಗ ಎರಡು ಕೆಡುಕುಗಳು ಒಟ್ಟಿಗೆ ಆಗುತ್ತವೆ: ಕೊಡುವವನು ದಿನದ ಹಾಜರಿ ನೋಡಲು ಶುರುಮಾಡುತ್ತಾನೆ, ಪಡೆಯುವವನಿಗೆ ಕೆಲಸ ಮುಗಿಯಿತೆಂದು ಹೇಳಲು ಆಧಾರ ಇರುವುದಿಲ್ಲ. ನಿಮ್ಮ ಡಿಸೈನರ್ ಪತ್ರದ ಕೆಲಸದ ವ್ಯಾಪ್ತಿಯನ್ನು ನಾನಾದರೆ ಹೀಗೆ ಬರೆಯುತ್ತೇನೆ:

> ಅನುಬಂಧದಲ್ಲಿ ವಿವರಿಸಿರುವ ಮೂರು ಮಾದರಿಗಳಲ್ಲಿ ಪ್ರತಿಯೊಂದಕ್ಕೂ ಸಲಹೆಗಾರರು (ಅ) ಒಟ್ಟು ಜೋಡಣೆಯ ನಕ್ಷೆ, (ಆ) ಎಲ್ಲ ಬಿಡಿಭಾಗಗಳ ತಯಾರಿಕಾ ನಕ್ಷೆ ಮತ್ತು ಸಾಮಗ್ರಿ ಪಟ್ಟಿ, (ಇ) ಮೊದಲ ಯಂತ್ರದ ಪರೀಕ್ಷೆಯ ನಂತರ ಅಗತ್ಯವಾದ ತಿದ್ದುಪಡಿಗಳು, ಇವಿಷ್ಟನ್ನು ಒದಗಿಸತಕ್ಕದ್ದು. ಕೆಲಸದ ವಿಧಾನ, ಸ್ಥಳ ಮತ್ತು ವೇಳೆಯನ್ನು ಸಲಹೆಗಾರರೇ ನಿರ್ಧರಿಸುತ್ತಾರೆ. ನಕ್ಷೆ ತಲುಪಿದ 10 ದಿನಗಳೊಳಗೆ ಸಂಸ್ಥೆಯು ದೋಷಗಳೇನಾದರೂ ಇದ್ದಲ್ಲಿ ಲಿಖಿತವಾಗಿ ತಿಳಿಸತಕ್ಕದ್ದು, ತಿಳಿಸದಿದ್ದಲ್ಲಿ ನಕ್ಷೆಯನ್ನು ಸ್ವೀಕರಿಸಿದಂತೆ ಭಾವಿಸಲಾಗುವುದು. ದೋಷವೆಂದರೆ ಅನುಬಂಧದಲ್ಲಿ ನಮೂದಿಸಿದ ಅಳತೆ ಅಥವಾ ಸಾಮರ್ಥ್ಯಕ್ಕೆ ಹೊಂದದಿರುವುದು ಮಾತ್ರ.

ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಗಂಟೆಗೆ ಎಷ್ಟು ಕ್ವಿಂಟಲ್ ಬಿಡಿಸಬೇಕು, ಕಾಳು ಒಡೆಯುವ ಪ್ರಮಾಣ ಎಷ್ಟರೊಳಗಿರಬೇಕು, ಎಷ್ಟು ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಜೋಡಿಸುವುದು, ಇವೆಲ್ಲ ಅನುಬಂಧದಲ್ಲಿರಲಿ. ಅವು ನಿಮ್ಮ ಕಾರ್ಖಾನೆಯವರಿಗೇ ಚೆನ್ನಾಗಿ ಗೊತ್ತಿರುವ ಸಂಗತಿಗಳು. ಸಿದ್ಧವಾದ ನಕ್ಷೆ ಹೀಗಿರಬೇಕೆಂದು ಹೇಳುವ ಹಕ್ಕು ಯಾವ ಗಿರಾಕಿಗೂ ಇರುತ್ತದೆ, ಅದರಿಂದ ಸಲಹೆಗಾರ ನೌಕರನಾಗುವುದಿಲ್ಲ. ನಕ್ಷೆಯನ್ನು ಎಲ್ಲಿ ಕೂತು, ಯಾವಾಗ, ಹೇಗೆ ಬರೆಯಬೇಕೆಂದು ಹೇಳತೊಡಗಿದಾಗ ವಿಷಯ ಬೇರೆಯಾಗುತ್ತದೆ.

ಕರೂರು ಲೆಕ್ಕಿಗ

ಯಜಮಾನರಿಗೆ ಇದನ್ನು ಓದಿ ಹೇಳಿದೆ. ವ್ಯಾಪ್ತಿಯ ಸಾಲುಗಳು ಅವರಿಗೆ ಒಪ್ಪಿಗೆಯಾದವು. ಆದರೆ "ವೇಳೆಯನ್ನು ಅವರೇ ನಿರ್ಧರಿಸುತ್ತಾರೆ" ಎಂಬಲ್ಲಿಗೆ ಬಂದು ನಿಂತುಬಿಟ್ಟರು. ಅವರ ತಕರಾರಿನಲ್ಲಿಯೂ ಹುರುಳಿದೆ. ಹೋದ ವರ್ಷ ಒಂದು ಮಾದರಿಯ ಜರಡಿಯ ತೂತಿನ ಅಳತೆ ನಕ್ಷೆಯಲ್ಲಿ ಸರಿಯಿದ್ದರೂ, ತಗಡು ಕತ್ತರಿಸುವವರು ಬೇರೆ ಹಾಳೆ ನೋಡಿ ಹದಿನಾಲ್ಕು ಜರಡಿಗಳನ್ನು ಹಾಳುಮಾಡಿದ್ದರು. ಡಿಸೈನರ್ ಶೆಡ್ಡಿನಲ್ಲಿ ಓಡಾಡುತ್ತಿದ್ದರೆ ಇಂಥದ್ದು ಮೊದಲ ತಗಡಿನಲ್ಲೇ ಸಿಕ್ಕಿಬೀಳುತ್ತದೆ. ಮಂಗಳವಾರ ಮತ್ತು ಶುಕ್ರವಾರ ಅವರು ಬರಲೇಬೇಕು ಎನ್ನುತ್ತಾರೆ. ಹಾಗೆ ಬರೆಯಬಹುದೇ?

ಕಾರ್ಖಾನೆಯೊಂದರ ಸಿಬ್ಬಂದಿ ಅಧಿಕಾರಿ

ನನಗೆ ಇಡೀ ಪ್ರಯತ್ನವೇ ತಿರುಗಾಮುರುಗಾ ಅನ್ನಿಸುತ್ತಿದೆ. ವಾರಕ್ಕೆ ಎರಡು ದಿನ ಬರಲೇಬೇಕು, ಶೆಡ್ಡಿನಲ್ಲಿ ಫಿಟ್ಟರ್‌ಗಳ ಮೇಲೆ ಕಣ್ಣಿಡಬೇಕು, ಯಜಮಾನರು ಹೇಳಿದ್ದನ್ನು ಮಾಡಬೇಕು ಎಂದಾದರೆ ನಿಮಗೆ ಬೇಕಿರುವುದು ನೌಕರನೇ. ಅರೆಕಾಲಿಕವಾಗಿ, ಒಂದು ವರ್ಷದ ನಿಗದಿತ ಅವಧಿಗೆ ನೇಮಿಸಿಕೊಳ್ಳಿ, ಪಿ.ಎಫ್. ಕಟ್ಟಿ, ನೆಮ್ಮದಿಯಾಗಿರಿ. 20 ಜನರನ್ನು ದಾಟಿದ ಸಂಸ್ಥೆ ಹೇಗೂ ಪಿ.ಎಫ್. ಕಟ್ಟುತ್ತಿದೆ, ಇನ್ನೊಬ್ಬರ ಪಾಲಿನಿಂದ ಮುಳುಗುವುದಿಲ್ಲ. ಉಳಿಸುವ ದುಡ್ಡಿಗಿಂತ ವಾದದ ಖರ್ಚೇ ಹೆಚ್ಚಾಗುತ್ತದೆ.

ಕೋರ್ಟ್ ರಸ್ತೆಯ ವಕೀಲೆ

ಸಿಬ್ಬಂದಿ ಅಧಿಕಾರಿಗಳ ಸಲಹೆಯನ್ನು ತಳ್ಳಿಹಾಕಲಾರೆ. ಮೇಲ್ವಿಚಾರಣೆಯೇ ಮುಖ್ಯವಾಗಿದ್ದರೆ ಅದೇ ನೇರವಾದ ದಾರಿ. ಆದರೆ ಇಲ್ಲಿ ಡಿಸೈನರ್ ಅವರಿಗೇ ನೌಕರಿ ಬೇಡವಾಗಿದೆ ಎಂಬುದನ್ನು ಮರೆಯಬಾರದು.

ಎರಡು ದಿನಗಳ ಮಾತಿಗೆ ನನ್ನ ಉತ್ತರ ಇಷ್ಟು: ವಾರದ ದಿನಗಳನ್ನು ನಿಗದಿ ಮಾಡಬೇಡಿ, ಭೇಟಿಯನ್ನು ಕೆಲಸದ ಹಂತಕ್ಕೆ ಕಟ್ಟಿಹಾಕಿ. "ಪ್ರತಿ ಮಾದರಿಗೆ ನಾಲ್ಕು ಭೇಟಿಗಳು ಶುಲ್ಕದಲ್ಲಿ ಸೇರಿವೆ: ಮೊದಲ ತಗಡು ಕತ್ತರಿಸುವಾಗ, ಡ್ರಮ್ ಜೋಡಿಸುವಾಗ, ಖಾಲಿ ಓಡಿಸುವಾಗ ಮತ್ತು ಮೆಕ್ಕೆಜೋಳ ಹಾಕಿ ಪರೀಕ್ಷಿಸುವಾಗ. ದಿನಾಂಕವನ್ನು ಉಭಯತ್ರರು ಮೂರು ದಿನ ಮುಂಚೆ ಮಾತನಾಡಿ ಗೊತ್ತುಮಾಡಿಕೊಳ್ಳತಕ್ಕದ್ದು. ಹೆಚ್ಚುವರಿ ಭೇಟಿಯೊಂದಕ್ಕೆ 1,500 ರೂಪಾಯಿ." ಹದಿನಾಲ್ಕು ಜರಡಿ ಹಾಳಾಗುವುದನ್ನು ತಡೆಯುವುದು ಮೊದಲ ತಗಡಿನ ದಿನದ ಹಾಜರಿ, ಪ್ರತಿ ಮಂಗಳವಾರದ ಹಾಜರಿಯಲ್ಲ.

ಕರೂರು ಲೆಕ್ಕಿಗ

ಇದು ಯಜಮಾನರಿಗೆ ಅರ್ಥವಾಗುವ ಭಾಷೆ. ಇನ್ನು ಹಣದ ವಿಷಯ. ತಿಂಗಳಿಗೆ 45,000ದಂತೆ ನಾಲ್ಕು ತಿಂಗಳಲ್ಲಿ ಮೂರೂ ಮಾದರಿ ಮುಗಿಯಬಹುದೆಂಬ ಅಂದಾಜಿನಲ್ಲಿ ಒಟ್ಟು 1,80,000 ರೂಪಾಯಿ ಇಟ್ಟುಕೊಂಡಿದ್ದೆವು.

ಹಳೇಪೇಟೆ ತೆರಿಗೆ ಸಲಹೆಗಾರ

ಟಿಡಿಎಸ್‌ ಒಂದರಿಂದಲೇ ಎಲ್ಲವೂ ತೀರುತ್ತದೆಂದು ನಾನು ಹೇಳಿದ್ದು ಅವಸರದ ಮಾತಾಯಿತು, ಒಪ್ಪುತ್ತೇನೆ. ಆದರೆ ಹಣದ ಭಾಗವನ್ನು ನನಗೇ ಬಿಡಿ.

ಅದೇ 1,80,000ವನ್ನು ಮೂರು ಮಾದರಿಗೆ ಹಂಚಿದರೆ ಮಾದರಿಗೆ 60,000. ಅದನ್ನು ವಕೀಲರು ಹೇಳಿದ ಅ, ಆ, ಇ ಹಂತಗಳಿಗೆ 20,000, 30,000 ಮತ್ತು 10,000 ಎಂದು ಮುರಿಯಿರಿ. ಪರೀಕ್ಷೆಯ ನಂತರದ ಕಂತು ದೊಡ್ಡದಿದ್ದರೆ ಸಲಹೆಗಾರರು ನಿಮ್ಮ ತಯಾರಿಕೆಯ ವಿಳಂಬಕ್ಕೆ ದಂಡ ತೆತ್ತಂತಾಗುತ್ತದೆ, ತೀರಾ ಚಿಕ್ಕದಿದ್ದರೆ ಅವರು ತಿದ್ದುಪಡಿಗೆ ಬರಲು ಆಸಕ್ತಿ ತೋರಿಸುವುದಿಲ್ಲ. ಮೊದಲ ಬಿಲ್ಲು 20,000ದ್ದು. ವರ್ಷದ ಒಟ್ಟು ಶುಲ್ಕ 50,000 ರೂಪಾಯಿಯ ಮಿತಿಯನ್ನು ದಾಟುವುದು ಈಗಲೇ ಗೊತ್ತಿರುವುದರಿಂದ ಮೊದಲ ಬಿಲ್ಲಿನಿಂದಲೇ ಶೇಕಡಾ 10 ಕಡಿದು 18,000 ಕೊಟ್ಟು, 2,000ವನ್ನು ಅವರ ಪ್ಯಾನ್ ಸಂಖ್ಯೆಗೆ ಕಟ್ಟಿ. ಅವರ ವಾರ್ಷಿಕ ವಹಿವಾಟು 20 ಲಕ್ಷದೊಳಗೇ ಇರುವುದರಿಂದ ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವುದಿಲ್ಲ. ಆದರೂ "ಮುಂದೆ ಜಿಎಸ್‌ಟಿ ಅನ್ವಯವಾದಲ್ಲಿ ಶುಲ್ಕದ ಮೇಲೆ ಪ್ರತ್ಯೇಕವಾಗಿ ಸೇರಿಸಲಾಗುವುದು" ಎಂದು ಒಂದು ಸಾಲು ಇರಲಿ. ಇಲ್ಲದಿದ್ದರೆ ಶುಲ್ಕದೊಳಗೇ ತೆರಿಗೆ ಸೇರಿದೆಯೋ ಇಲ್ಲವೋ ಎಂಬ ಜಗಳ ಗ್ಯಾರಂಟಿ.

ಬಿಲ್ಲು ಅವರದೇ ಹೆಸರಿನ, ಅವರದೇ ಕ್ರಮಸಂಖ್ಯೆಯ ಬಿಲ್ಲಾಗಿರಬೇಕು. ನೀವೇ ಕಂಪ್ಯೂಟರಿನಲ್ಲಿ ಬಿಲ್ಲು ತಯಾರಿಸಿ ಸಹಿ ಮಾತ್ರ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮೂರಲ್ಲಿ ಬಹಳ ಇದೆ, ನಾನೂ ಮಾಡಿಸಿದ್ದೇನೆ. ಅಂಥ ಬಿಲ್ಲುಗಳು ಪ್ರತಿ ತಿಂಗಳು ಒಂದನೇ ತಾರೀಖು ಒಂದೇ ಮೊತ್ತಕ್ಕೆ ಬಂದಿದ್ದರೆ, ನೋಡಿದವರಿಗೆ ಅದು ಸಂಬಳದ ಚೀಟಿಯಂತೆಯೇ ಕಾಣುತ್ತದೆ.

ದುರ್ಗದ ಬಾಯ್ಲರ್ ಸಲಹೆಗಾರ

ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಹಣ ಎಂಬುದನ್ನು ಯಾರೂ ಹೇಳಲಿಲ್ಲ.

ಹಳೇಪೇಟೆ ತೆರಿಗೆ ಸಲಹೆಗಾರ

ಸರಿಯಾಗಿ ನೆನಪಿಸಿದಿರಿ. ನಿಮ್ಮ ಡಿಸೈನರ್ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ, ಅದು ಉಚಿತ. ಕೆಲಸ ಶುರುಮಾಡುವ ಮುಂಚೆಯೇ ಮಾಡಿಸಿ, ಸಂಖ್ಯೆಯನ್ನು ಪತ್ರದಲ್ಲಿಯೂ ಬಿಲ್ಲಿನಲ್ಲಿಯೂ ನಮೂದಿಸಲಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಕಾಯಿದೆಯ ಪ್ರಕಾರ, ಲಿಖಿತ ಕರಾರಿನಲ್ಲಿ ಎಷ್ಟೇ ದಿನ ಬರೆದುಕೊಂಡರೂ ಪಾವತಿಯ ಅವಧಿ ಕೆಲಸವನ್ನು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ, ಏನೂ ಬರೆದುಕೊಳ್ಳದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅಷ್ಟೇ ಅಲ್ಲ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಸಂಸ್ಥೆಯು ಆ ವರ್ಷದ ಖರ್ಚಿನಲ್ಲಿ ತೋರಿಸಿ ಆದಾಯ ತೆರಿಗೆ ಉಳಿಸಲು ಬರುವುದಿಲ್ಲ, ಹಣ ಕೊಟ್ಟ ವರ್ಷದಲ್ಲಿಯೇ ತೋರಿಸಬೇಕು. ನಿಮ್ಮ ಪತ್ರದಲ್ಲಿ 30 ದಿನ ಎಂದು ಹಾಕಿ.

ದುರ್ಗದವರೇ, ನಿಮ್ಮ 40,000ದ ಕೆಲಸ ಮಾಡುವಾಗ ನಿಮಗೆ ಉದ್ಯಮ್ ನೋಂದಣಿ ಇತ್ತೇ?

ದುರ್ಗದ ಬಾಯ್ಲರ್ ಸಲಹೆಗಾರ

ಹೋದ ವರ್ಷ ಮಾಡಿಸಿದೆ. ಕೆಲಸ ಅದಕ್ಕೂ ಮೊದಲಿನದು.

ಕೋರ್ಟ್ ರಸ್ತೆಯ ವಕೀಲೆ

ಹಾಗಾದರೆ ಆ ಕಾಯಿದೆಯ ದಾರಿ ನಿಮಗೆ ಕಷ್ಟವಾಗಬಹುದು. ಆದರೆ ಸಿವಿಲ್ ದಾವೆಯ ದಾರಿ ಮುಚ್ಚಿಲ್ಲ, ಹಣ ಬರಬೇಕಾದ ದಿನದಿಂದ ಮೂರು ವರ್ಷಗಳ ಕಾಲಮಿತಿಯನ್ನು ಮಾತ್ರ ಮರೆಯಬೇಡಿ. ನಕ್ಷೆ ತಲುಪಿದ್ದಕ್ಕೆ, ಗಿರಣಿ ಓಡಿದ್ದಕ್ಕೆ ವಾಟ್ಸಾಪ್ ಸಂದೇಶಗಳಿದ್ದರೆ ಜೋಪಾನವಾಗಿಟ್ಟುಕೊಳ್ಳಿ.

ಕರೂರು ಲೆಕ್ಕಿಗ

ಕೊನೆಗೊಳಿಸುವ ಷರತ್ತು ಉಳಿದಿದೆ. ಯಜಮಾನರು ಇನ್ನೊಂದು ಸಾಲನ್ನೂ ಸೇರಿಸಬೇಕೆನ್ನುತ್ತಾರೆ: ಕರಾರು ಮುಗಿದ ಎರಡು ವರ್ಷಗಳವರೆಗೆ ದಾವಣಗೆರೆ ಜಿಲ್ಲೆಯ ಯಾವ ಯಂತ್ರ ತಯಾರಕರಿಗೂ ಅವರು ನಕ್ಷೆ ಬರೆಯಬಾರದು. ಪಕ್ಕದ ಶೆಡ್ಡಿನವರೂ ಇದೇ ಯಂತ್ರ ಮಾಡುತ್ತಾರೆ ಎಂಬುದೇ ಅವರ ಭಯ.

ಕೋರ್ಟ್ ರಸ್ತೆಯ ವಕೀಲೆ

ಆ ಸಾಲು ಕಾಗದದ ಮೇಲೆ ಮಾತ್ರ ಇರುತ್ತದೆ. ಭಾರತೀಯ ಕರಾರು ಕಾಯಿದೆಯ 27ನೇ ಕಲಂ ಪ್ರಕಾರ ಕರಾರು ಮುಗಿದ ನಂತರವೂ ಒಬ್ಬರ ವೃತ್ತಿಯನ್ನು ತಡೆಯುವ ಷರತ್ತು ಅನೂರ್ಜಿತ. ಕರಾರು ನಡೆಯುತ್ತಿರುವಾಗ ಬೇರೆಯವರ ಕೆಲಸ ಮಾಡಬಾರದೆಂಬ ನಿರ್ಬಂಧಕ್ಕೆ ಆ ತೊಡಕಿಲ್ಲ, ಆದರೆ ಅದು ಅವರನ್ನು ನೌಕರರ ಕಡೆಗೆ ತಳ್ಳುತ್ತದೆ. ನಿಮಗೆ ಬೇಕಾದ ರಕ್ಷಣೆ ಬೇರೆ ಎರಡು ಸಾಲುಗಳಲ್ಲಿ ಸಿಗುತ್ತದೆ. ಒಂದು ಗೋಪ್ಯತೆ: ನಿಮ್ಮ ಡ್ರಮ್ಮಿನ ಹಲ್ಲುಗಳ ಜೋಡಣೆ, ಗಿರಾಕಿಗಳ ಪಟ್ಟಿ, ದರಗಳನ್ನು ಬೇರೆಯವರಿಗೆ ಕೊಡಬಾರದು ಎಂಬುದು. ಇನ್ನೊಂದು ನಕ್ಷೆಯ ಹಕ್ಕುಸ್ವಾಮ್ಯ, ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಅವರು ನೌಕರರಾಗಿದ್ದಾಗ ಬರೆದ ನಕ್ಷೆಗಳ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತಾನಾಗಿಯೇ ಸಂಸ್ಥೆಯದು. ಸಲಹೆಗಾರರಾಗಿ ಬರೆದದ್ದು ತಾನಾಗಿಯೇ ಅವರದು. ನೀವು 1,80,000 ಕೊಟ್ಟರೂ, ಬರೆದುಕೊಡದ ಹೊರತು ನಕ್ಷೆಯ ಒಡೆತನ ನಿಮ್ಮ ಕೈಗೆ ಬರುವುದಿಲ್ಲ. ವರ್ಗಾವಣೆ ಲಿಖಿತವಾಗಿದ್ದು ಸಹಿ ಇರಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ತಿಳಿಯುತ್ತದೆ. ಹೀಗಾಗಿ "ಆಯಾ ನಕ್ಷೆಯ ಶುಲ್ಕ ಸಂದಾಯವಾದ ಕೂಡಲೇ ಅದರ ಹಕ್ಕುಸ್ವಾಮ್ಯವು ಪೂರ್ಣ ಅವಧಿಗೆ ಮತ್ತು ಎಲ್ಲ ದೇಶಗಳಿಗೆ ಸಂಸ್ಥೆಗೆ ವರ್ಗಾವಣೆಯಾಗತಕ್ಕದ್ದು" ಎಂದು ಬರೆಯಿರಿ. ಶುಲ್ಕಕ್ಕೆ ಕಟ್ಟಿಹಾಕಿರುವುದರಿಂದ ಸಲಹೆಗಾರರಿಗೂ ಭದ್ರತೆ ಇದೆ.

ಕೊನೆಗೊಳಿಸುವ ಷರತ್ತಿನಲ್ಲಿ "ನೋಟಿಸ್ ಬದಲಿಗೆ ವೇತನ", "ಶಿಸ್ತು ಕ್ರಮ", "ಅಮಾನತು" ಇಂಥ ಮಾತುಗಳು ಸುಳಿಯಬಾರದು, ಅವು ನೌಕರನ ಲೋಕದವು. ನನ್ನ ಕರಡು:

> ಉಭಯತ್ರರಲ್ಲಿ ಯಾರೇ ಆಗಲಿ 15 ದಿನಗಳ ಲಿಖಿತ ನೋಟಿಸ್ ನೀಡಿ ಈ ಕರಾರನ್ನು ಕೊನೆಗೊಳಿಸಬಹುದು. ಒಬ್ಬರು ಷರತ್ತನ್ನು ಉಲ್ಲಂಘಿಸಿದಲ್ಲಿ ಇನ್ನೊಬ್ಬರು ಅದನ್ನು ಲಿಖಿತವಾಗಿ ತಿಳಿಸಿ, 10 ದಿನಗಳೊಳಗೆ ಸರಿಪಡಿಸದಿದ್ದರೆ ಆ ಕೂಡಲೇ ಕೊನೆಗೊಳಿಸಬಹುದು. ಕೊನೆಗೊಂಡ ದಿನದವರೆಗೆ ಸ್ವೀಕೃತವಾದ ಹಂತಗಳಿಗೆ ಪೂರ್ಣ ಶುಲ್ಕವನ್ನೂ, ಅರ್ಧದಲ್ಲಿರುವ ಹಂತಕ್ಕೆ ಹಸ್ತಾಂತರಿಸಿದ ನಕ್ಷೆಗಳ ಪ್ರಮಾಣಕ್ಕೆ ತಕ್ಕ ಶುಲ್ಕವನ್ನೂ 15 ದಿನಗಳೊಳಗೆ ಪಾವತಿಸತಕ್ಕದ್ದು. ಸಲಹೆಗಾರರು ತಿದ್ದಲು ಬರುವ ಮೂಲ ಕ್ಯಾಡ್ ಕಡತಗಳನ್ನು ಅದೇ ಅವಧಿಯೊಳಗೆ ಒಪ್ಪಿಸತಕ್ಕದ್ದು.

"ಪ್ರಮಾಣಕ್ಕೆ ತಕ್ಕ" ಎಂಬುದು ಹೇಗೆ? ಎರಡನೇ ಹಂತದಲ್ಲಿ ಒಂದು ಮಾದರಿಗೆ 40 ಬಿಡಿಭಾಗಗಳ ನಕ್ಷೆ ಬರಬೇಕೆಂದು ಅನುಬಂಧದಲ್ಲಿದ್ದು, 24 ಬಂದಾಗ ಕರಾರು ನಿಂತರೆ 30,000ದಲ್ಲಿ 18,000. ಡ್ರಮ್ಮಿನ ನಕ್ಷೆಗೂ ಒಂದು ಪಟ್ಟಿಯ ನಕ್ಷೆಗೂ ಒಂದೇ ಬೆಲೆಯೇ ಎಂದು ಕೇಳಬಹುದು. ಕೇಳಲಿ, ಒರಟಾದ ಲೆಕ್ಕವಾದರೂ ಲೆಕ್ಕವೊಂದು ಇದ್ದರೆ ಮಾತುಕತೆಗೆ ಆಧಾರ ಇರುತ್ತದೆ. ಪಿಡಿಎಫ್ ಮಾತ್ರ ಕೊಟ್ಟು ಮೂಲ ಕಡತವನ್ನು ಹಿಡಿದಿಟ್ಟುಕೊಂಡ ಒಂದು ಪ್ರಕರಣದಲ್ಲಿ, ಮುಂದಿನ ಡಿಸೈನರ್ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿ ಬಂದದ್ದನ್ನು ನೋಡಿದ್ದೇನೆ, ಹಾಗಾಗಿ ಕೊನೆಯ ವಾಕ್ಯ.

ಕಾರ್ಖಾನೆಯೊಂದರ ಸಿಬ್ಬಂದಿ ಅಧಿಕಾರಿ

ಪತ್ರ ಈಗ ಚೆನ್ನಾಗಿದೆ. ಆದರೆ ಪತ್ರ ಕಪಾಟಿನಲ್ಲಿರುತ್ತದೆ, ಡಿಸೈನರ್ ಶೆಡ್ಡಿನಲ್ಲಿರುತ್ತಾರೆ. ಅವರು ಯಾರ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾರೆ? ಬೆರಳಚ್ಚಿನ ಹಾಜರಿ ಯಂತ್ರದಲ್ಲಿ ಅವರ ಹೆಸರು ಇನ್ನೂ ಇದೆಯೇ? ಆಯುಧ ಪೂಜೆಗೆ ಎಲ್ಲರ ಜೊತೆ ಬೋನಸ್ ಕವರ್ ಕೊಡುತ್ತೀರಾ? ಮುಂದೊಂದು ದಿನ ತಕರಾರು ಬಂದರೆ ಕೇಳುವುದು ಇಂಥವುಗಳನ್ನೇ.

ಕರೂರು ಲೆಕ್ಕಿಗ

ಹಾಜರಿ ಯಂತ್ರ ನೋಡಿದೆ, ಹೆಸರು ಇತ್ತು. ರಾಜೀನಾಮೆ ಕೊಟ್ಟ ನಂತರವೂ ಅಭ್ಯಾಸಬಲದಿಂದ ಆರು ದಿನ ಬೆರಳು ಒತ್ತಿದ್ದಾರೆ. ಆ ಆರು ದಿನಗಳನ್ನೂ ನೌಕರಿಯೆಂದೇ ಹಿಡಿದು ಸಂಬಳ ಕೊಟ್ಟು, ಅಲ್ಲಿಗೆ ಕೊನೆಯ ದಿನಾಂಕ ಬದಲಿಸೋಣವೆಂದು ಯಜಮಾನರು ಒಪ್ಪಿದ್ದಾರೆ. ಗ್ರಾಚ್ಯುಟಿ ಚೆಕ್ ಬರೆಯಲು ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ.

ಕಂಪ್ಯೂಟರಿನ ವಿಷಯ ಇತ್ಯರ್ಥವಾಗಿಲ್ಲ. ಕ್ಯಾಡ್ ತಂತ್ರಾಂಶದ ಲೈಸೆನ್ಸ್ ಸಂಸ್ಥೆಯ ಹೆಸರಿನಲ್ಲಿದೆ, ದುಬಾರಿ. ಅವರು ಸ್ವಂತಕ್ಕೆ ಕೊಳ್ಳುವ ಸ್ಥಿತಿಯಲ್ಲಿಲ್ಲ, ನಮ್ಮ ಕಂಪ್ಯೂಟರನ್ನು ಮನೆಗೆ ಕಳಿಸಿದರೆ ದರ್ಜಿಗಳ ಹೊಲಿಗೆ ಯಂತ್ರದ ಕಥೆಯಾಗುತ್ತದೆ.

ಕೋರ್ಟ್ ರಸ್ತೆಯ ವಕೀಲೆ

ಬಾಡಿಗೆ ನಿಗದಿ ಮಾಡಿ ಕೊಡಬಹುದು, ಆ ಬಾಡಿಗೆಯನ್ನು ಅವರ ಬಿಲ್ಲಿನಲ್ಲಿ ಕಳೆಯಬಹುದು. ಆದರೆ ತಂತ್ರಾಂಶದ ಲೈಸೆನ್ಸ್ ಹೊರಗಿನವರ ಬಳಕೆಗೆ ಅವಕಾಶ ಕೊಡುತ್ತದೆಯೇ ಎಂಬುದನ್ನು ಮೊದಲು ಅದರ ಷರತ್ತಿನಲ್ಲಿ ಓದಿ. ಇದೊಂದೇ ಅಂಶದಿಂದ ಅವರು ನೌಕರರಾಗಿಬಿಡುವುದಿಲ್ಲ, ಆದರೆ ತಕ್ಕಡಿಯ ಆ ಕಡೆಯ ತಟ್ಟೆಗೆ ಒಂದು ಕಲ್ಲು ಬಿದ್ದಂತೆ.

ದುರ್ಗದ ಬಾಯ್ಲರ್ ಸಲಹೆಗಾರ

ತಿಂಗಳ ಬಾಡಿಗೆಗೆ ಸಿಗುವ ಕ್ಯಾಡ್ ತಂತ್ರಾಂಶಗಳಿವೆ, ನಾನು ಬಳಸುವುದು ಅದನ್ನೇ. ಶುಲ್ಕವನ್ನು ಮಾದರಿಗೆ ಎರಡು ಮೂರು ಸಾವಿರ ಏರಿಸಿ, ಅವರ ಹೆಸರಿನಲ್ಲೇ ತೆಗೆದುಕೊಳ್ಳಲು ಹೇಳಿ. ನಮ್ಮ ಉಪಕರಣ ನಮ್ಮದೇ ಇದ್ದರೆ ಮಾತನಾಡುವಾಗ ದನಿಯೂ ನಮ್ಮದೇ ಇರುತ್ತದೆ.

ಕರೂರು ಲೆಕ್ಕಿಗ

ಅದನ್ನು ಯಜಮಾನರ ಮುಂದಿಡುತ್ತೇನೆ. ಮಾದರಿಗೆ 60,000 ಎಂದು ಒಪ್ಪಿಸುವಾಗಲೇ ಒಂದು ಮಧ್ಯಾಹ್ನ ಹೋಗಿತ್ತು, 62,500ಕ್ಕೆ ಎಷ್ಟು ಹೊತ್ತು ಬೇಕೋ ನೋಡಬೇಕು.